212 ಆರ್ಡರ್ ಬಂತು, 39 ಸಾವಿರ ಹೋಯ್ತು: ಹುಬ್ಬಳ್ಳಿಯ ಒಂದು ಕ್ರೀಮ್ ಬ್ರ್ಯಾಂಡ್ ಮತ್ತು ಎರಡು ರೀಲ್‌ಗಳ ಲೆಕ್ಕ

ನಾನು ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವವನು. ಮಾರ್ಕೆಟಿಂಗ್ ನನ್ನ ಕಸುಬಲ್ಲ. ಆದರೆ ಈ ಪ್ರಕರಣ ನನ್ನ ಟೇಬಲ್ಲಿಗೆ ಬಂದದ್ದೇ ಲೆಕ್ಕ ತಾಳೆಯಾಗದೆ. ಇನ್‌ಸ್ಟಾಗ್ರಾಮ್ ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಕೊಟ್ಟು ರೀಲ್ ಮಾಡಿಸಿದ ಒಂದು ಸಣ್ಣ ಬ್ರ್ಯಾಂಡಿನ ಕಥೆ ಇದು. ಮಾಲಕಿಯನ್ನು ಸುಮಾ ಅಂತ ಕರೆಯೋಣ, ಅದು ಅವರ ಹೆಸರಲ್ಲ. ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ಸಂಖ್ಯೆಗಳನ್ನು ಗುರುತು ಸಿಗದಷ್ಟು ತಿದ್ದಿದ್ದೇನೆ, ಆದರೆ ಕಥೆ ಕೆಡುವಷ್ಟು ಅಲ್ಲ. ಬರೆಯಲು ಅವರ ಒಪ್ಪಿಗೆ ಇದೆ. "ಬರೀರಿ, ಇನ್ನೊಬ್ಬರರ ಉಳೀಲಿ" ಅಂದರು.

ಮೊದಲು ಒಂದು ಡಬ್ಬಿಯ ಲೆಕ್ಕ

ಸುಮಾ ಮತ್ತು ಅವರ ನಾದಿನಿ ಸೇರಿ ಶುರು ಮಾಡಿದ್ದು. ಮುಖ್ಯ ಮಾಲು ಒಂದೇ, 50 ಗ್ರಾಂನ ಮಾಯಿಶ್ಚರೈಸರ್. ತಯಾರಿ ಲೈಸೆನ್ಸ್ ಇರುವ ಬೇರೆ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ಮನೆಯ ಮೇಲಿನ ಮಹಡಿಯಲ್ಲಿ. ಮಾರಾಟ ಅರ್ಧ ವೆಬ್‌ಸೈಟಿನಲ್ಲಿ, ಅರ್ಧ ವಾಟ್ಸಾಪಿನಲ್ಲಿ. ವಾಟ್ಸಾಪ್ ಅಂದದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರದೇ ದೊಡ್ಡ ಕಥೆ ಇದೆ.

ಡಬ್ಬಿಯ ಬೆಲೆ 499 ರೂಪಾಯಿ. ಅದರಲ್ಲಿ 18% ಜಿಎಸ್‌ಟಿ ಸೇರಿಕೊಂಡಿದೆ, ತೆಗೆದರೆ ಕೈಗೆ ಉಳಿಯುವುದು 423. ಇನ್‌ಫ್ಲುಯೆನ್ಸರ್ ಕೂಪನ್ನಿನಿಂದ 50 ರೂಪಾಯಿ ಕಡಿಮೆಯಾದರೆ ಗಿರಾಕಿ ಕೊಡುವುದು 449, ತೆರಿಗೆ ಕಳೆದು 380. ಇದರಲ್ಲಿ ಡಬ್ಬಿ ಸಮೇತ ಮಾಲಿಗೆ 110, ಪೆಟ್ಟಿಗೆ-ಟೇಪಿಗೆ 12, ಕೊರಿಯರ್‌ಗೆ 65. ಆನ್‌ಲೈನ್ ಪಾವತಿ ಅಥವಾ ಕ್ಯಾಶ್ ಆನ್ ಡೆಲಿವರಿ ಚಾರ್ಜ್ ಸರಾಸರಿ 15. ಕೊನೆಗೆ ಉಳಿಯುವುದು 178 ರೂಪಾಯಿ. ಕೂಪನ್ ಇಲ್ಲದೆ ವಾಟ್ಸಾಪಿನಲ್ಲಿ ಮಾರಿದರೆ, ಅಲ್ಲಿ ಬಹುತೇಕ ಯುಪಿಐ ಆದ್ದರಿಂದ, 228 ಉಳಿಯುತ್ತದೆ.

ಮತ್ತೊಂದು ಖರ್ಚು ಇದೆ. ಕ್ಯಾಶ್ ಆನ್ ಡೆಲಿವರಿ ಹಾಕಿ, ಕೊರಿಯರ್ ಹುಡುಗ ಬಾಗಿಲಿಗೆ ಹೋದಾಗ "ಬ್ಯಾಡ" ಅನ್ನುವವರು. ಹೋಗಲೂ ಬಾಡಿಗೆ, ಬರಲೂ ಬಾಡಿಗೆ, ಪೆಟ್ಟಿಗೆ ಹಾಳು. ಹೀಗೆ ವಾಪಸ್ ಬಂದ ಒಂದೊಂದು ಡಬ್ಬಿಗೂ ಸುಮಾ ಕೈಯಿಂದ 130 ರೂಪಾಯಿ ಹೋಗುತ್ತಿತ್ತು.

ಈ 178 ಮತ್ತು 130 ನನಗೆ ಗೊತ್ತಾಗಿದ್ದು ಮೊದಲ ರೀಲ್ ಮುಗಿದ ಮೇಲೆ. ಸುಮಾಗೂ ಆಗಲೇ. ಎಲ್ಲ ತಪ್ಪಿನ ಬೇರು ಅದೇ ಅಂತ ನನ್ನ ಅಭಿಪ್ರಾಯ. ಒಂದು ಡಬ್ಬಿಯಲ್ಲಿ ಎಷ್ಟು ಉಳಿಯುತ್ತದೆ ಅಂತ ಗೊತ್ತಿಲ್ಲದೆ ಎದುರಿನವರ ರೇಟು ಜಾಸ್ತಿಯೋ ಕಡಿಮೆಯೋ ಅಂತ ಹೇಳುವುದಾದರೂ ಹೇಗೆ?

ಮೊದಲ ಒಪ್ಪಂದ: ಹನ್ನೆರಡು ವಾಟ್ಸಾಪ್ ಮೆಸೇಜು

ಮೊದಲು ಹಿಡಿದದ್ದು ಬೆಂಗಳೂರಿನ ಒಬ್ಬ ಇನ್‌ಫ್ಲುಯೆನ್ಸರ್ ಅವರನ್ನು. 2.8 ಲಕ್ಷ ಫಾಲೋವರ್ಸ್. ಮಾತಾಡಿದ್ದು ಅವರ ಮ್ಯಾನೇಜರ್. 85 ಸಾವಿರ ಅಂದ, ಸುಮಾ 50 ಅಂದರು, 60ಕ್ಕೆ ಮುಗಿಯಿತು. ಒಂದು ರೀಲ್, ಎರಡು ಸ್ಟೋರಿ, ಪೂರ್ತಿ ಹಣ ಮುಂಗಡ. ಒಪ್ಪಂದ ಅಂತ ಇದ್ದದ್ದು ಆ ಚಾಟ್ ಅಷ್ಟೇ. ನಾನು ಆಮೇಲೆ ಎಣಿಸಿದೆ, ಹನ್ನೆರಡು ಮೆಸೇಜು, ಅದರಲ್ಲಿ ಮೂರು ಕೈಮುಗಿಯುವ ಇಮೋಜಿ.

ಚೌಕಾಸಿಯಲ್ಲಿ ಸುಮಾ ಸೋಲಲಿಲ್ಲ. 25 ಸಾವಿರ ಇಳಿಸಿದರು. ಆದರೆ ಪೂರ್ತಿ ಶಕ್ತಿ ರೇಟಿನ ಮೇಲೆ ಖರ್ಚಾಯಿತು, ಹಣಕ್ಕೆ ಏನು ಸಿಗುತ್ತದೆ ಅನ್ನುವುದರ ಮೇಲೆ ಒಂದು ಮಾತೂ ಆಗಲಿಲ್ಲ. ಯಾವ ದಿನ ಹಾಕಬೇಕು? ಎಷ್ಟು ದಿನ ಇರಬೇಕು? ಹಾಕುವ ಮೊದಲು ನಾವು ನೋಡಬಹುದಾ? ಆ ವಾರ ಬೇರೆ ಕ್ರೀಮಿನ ಜಾಹೀರಾತು ಮಾಡಬಹುದಾ? ಆ ವಿಡಿಯೋ ನಮ್ಮ ಜಾಹೀರಾತಿಗೆ ಬಳಸಬಹುದಾ? ಚಾಟಿನಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ಹೀಗಾಗಿ ಒಂದೊಂದೇ ಕಿತ್ತುಕೊಂಡು ಬಂತು. ರೀಲ್ 11 ದಿನ ತಡ. ಮೊದಲ ಸ್ಟೋರಿಯಲ್ಲಿ ಲಿಂಕೇ ಇಲ್ಲ. ನಾಲ್ಕನೇ ದಿನ ಅದೇ ಪೇಜಿನಲ್ಲಿ ಇನ್ನೊಂದು ಕಂಪನಿಯ ಸೀರಮ್. ಅದನ್ನು ತಪ್ಪು ಅನ್ನಲೂ ಬರುವುದಿಲ್ಲ, ಹಾಕಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ.

ಇವೆಲ್ಲ ಸಣ್ಣವು. ನಿಜವಾದ ಪೆಟ್ಟು ಬಿದ್ದದ್ದು ಮಾತಿನಿಂದ. ರೀಲಿನ 22ನೇ ಸೆಕೆಂಡಿನಲ್ಲಿ ಅವರು ಕನ್ನಡಿ ಮುಂದೆ ಕೆನ್ನೆ ತೋರಿಸಿ, "ಏಳೇ ದಿನ, ಮೊಡವೆ ಕಲೆ ಪೂರ್ತಿ ಮಾಯ" ಅಂದುಬಿಟ್ಟಿದ್ದರು. ಅದು ಸಾದಾ ಮಾಯಿಶ್ಚರೈಸರ್. ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ, ಕಲೆಯ ಗೊಡವೆಗೆ ಅದು ಹೋಗುವುದಿಲ್ಲ. ಸುಮಾ ಹತ್ತಿರ ಅಂಥ ಯಾವ ಪರೀಕ್ಷೆಯ ಕಾಗದವೂ ಇರಲಿಲ್ಲ. ಜೊತೆಗೆ ಇದು ಹಣ ಪಡೆದು ಮಾಡಿದ ಪ್ರಚಾರ ಅಂತ ವಿಡಿಯೋದಲ್ಲಿ ಎಲ್ಲೂ ಇಲ್ಲ.

ಕಾನೂನು ಇಲ್ಲಿ ಗಟ್ಟಿಯಾಗಿದೆ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿತ್ತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕೂಡ ಮಾರ್ಗಸೂಚಿ ಕೊಟ್ಟಿತು. ಹಣ ಬೇಡ, ಸುಮ್ನೆ ಒಂದು ಡಬ್ಬಿ ಪುಕ್ಕಟೆ ಕಳಿಸಿದ್ದರೂ ಅದನ್ನು ನೋಡುವವರಿಗೆ ಕಾಣುವಂತೆ ಹೇಳಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು. ಅದು ಹೇಳಿದವರ ಮೇಲೂ ಬೀಳಬಹುದು, ಮಾಲು ಮಾಡಿಸಿದವರ ಮೇಲೂ ಬೀಳಬಹುದು. "ಅಂದದ್ದು ಅವರು, ನಾವಲ್ಲ" ಅನ್ನುವ ಮಾತು ನಡೆಯುವುದಿಲ್ಲ.

ಸುಮಾ ಇದನ್ನು ಗಮನಿಸಿದ್ದು ಮೂರನೇ ದಿನ. ಆಗ ರೀಲ್ 1.4 ಲಕ್ಷ ವ್ಯೂಸ್ ದಾಟಿ ಓಡುತ್ತಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ರೀಲಿನ ಕೆಳಗಿನ ಬರಹ ತಿದ್ದಬಹುದು, ಒಳಗಿನ ವಿಡಿಯೋ ಬದಲಿಸಲು ಬರುವುದಿಲ್ಲ. ತೆಗೆಯಬೇಕು, ಇಲ್ಲವೇ ಬಿಡಬೇಕು. ನಾದಿನಿ "ಓಡೂದನ್ನ ಯಾಕ ನಿಲ್ಲಿಸ್ತಿ ವೈನಿ, ಯಾರ್ ನೋಡ್ತಾರ" ಅಂದರು. ಸುಮಾ ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್‌ಗೆ ಫೋನ್ ಮಾಡಿ ತೆಗೆಸಿದರು. ಆ ಮಾತು ಕತ್ತರಿಸಿ, ಪಾವತಿ ಪ್ರಚಾರದ ಗುರುತು ಹಚ್ಚಿ ಮತ್ತೆ ಹಾಕಿದ್ದಕ್ಕೆ ಬಂದದ್ದು 19 ಸಾವಿರ ವ್ಯೂಸ್.

ನಷ್ಟ ಆಯಿತು. ಆದರೂ ಇಡೀ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಸರಿಯಾದ ಕೆಲಸ ಇದು ಅಂತ ನಾನು ಹೇಳುತ್ತೇನೆ. ಏಳು ದಿನ ಕಾದು ಕಲೆ ಹೋಗದ ನೂರಾರು ಜನ ಕಮೆಂಟಿಗೆ ಬಂದಿದ್ದರೆ ಆ ಹೆಸರು ಅಲ್ಲಿಗೇ ಮುಗಿಯುತ್ತಿತ್ತು.

212 ಕರಗಿದ್ದು ಹೇಗೆ

ತಿಂಗಳ ಕೊನೆಗೆ ಸುಮಾ ಖುಷಿಯಾಗಿಯೇ ಬಂದರು. `GLOW50` ಕೂಪನ್ ಮೇಲೆ 212 ಆರ್ಡರ್. 449ರಂತೆ 95 ಸಾವಿರ ಚಿಲ್ಲರೆ. "60 ಹಾಕಿ 95 ತಗೊಂಡೆ ಸರ್" ಅಂದರು. ಬ್ಯಾಂಕ್ ಖಾತೆ ಮಾತ್ರ ಬೇರೆ ಹೇಳುತ್ತಿತ್ತು.

ಇಬ್ಬರೂ ಕೂತು ಆರ್ಡರ್ ಪಟ್ಟಿ ಒಂದೊಂದೇ ಸಾಲು ನೋಡಿದೆವು. 212ರಲ್ಲಿ 138 ಕ್ಯಾಶ್ ಆನ್ ಡೆಲಿವರಿ. ಖಾತ್ರಿ ಮಾಡಲು ಫೋನ್ ಮಾಡಿದಾಗಲೇ 14 ರದ್ದಾಗಿದ್ದವು. ಉಳಿದ 124ರಲ್ಲಿ 46 ಡಬ್ಬಿ ಊರೆಲ್ಲ ಸುತ್ತಿ ವಾಪಸ್. ನಿಜವಾಗಿ ತಲುಪಿದ್ದು 152.

ಆಮೇಲೆ ನಾನು ಫೋನ್ ನಂಬರ್ ಹಿಡಿದು ಹಳೆಯ ಗಿರಾಕಿಗಳ ಪಟ್ಟಿ ಜೊತೆ ತಾಳೆ ಹಾಕಿದೆ. 38 ಜನ ಹಳಬರು. ಅವರಿಗೆ ಕೂಪನ್ ಸಿಕ್ಕಿದ್ದು ರೀಲಿನಿಂದ ಅಲ್ಲ. ಒಂದು ಕೂಪನ್ ಸಂಗ್ರಹಿಸುವ ವೆಬ್‌ಸೈಟಿಗೆ ಅದು ಸೋರಿತ್ತು, ಜೊತೆಗೆ ನಾದಿನಿಯೇ ಉತ್ಸಾಹದಲ್ಲಿ ಹಳೇ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. 499 ಕೊಟ್ಟು ಕೊಳ್ಳುತ್ತಿದ್ದವರು 449ಕ್ಕೆ ಕೊಂಡರು, ಆ ಮಾರಾಟದ ಹೆಸರು ಬೆಂಗಳೂರಿನವರಿಗೆ ಹೋಯಿತು.

ಲೆಕ್ಕ ಹೀಗೆ ಬಂತು. 152 ಡಬ್ಬಿಗೆ 178ರಂತೆ 27,056 ರೂಪಾಯಿ. ವಾಪಸ್ ಬಂದ 46ಕ್ಕೆ 5,980 ಖರ್ಚು. ಉಳಿದದ್ದು 21,076. ಕೊಟ್ಟದ್ದು 60,000. ಹತ್ತಿರ ಹತ್ತಿರ 39 ಸಾವಿರ ಕೈಬಿಟ್ಟಿತು. ಹಳಬರನ್ನು ತೆಗೆದು ನೋಡಿದರೆ ಸುಮಾರು 46 ಸಾವಿರ. ಅಷ್ಟರಲ್ಲಿ ಸುಮಾ ಆ ರೀಲಿನ ಒಂದು ತುಂಡು ಕತ್ತರಿಸಿ ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದರಿಂದ ಮ್ಯಾನೇಜರ್ ಇನ್ನೊಂದು 25 ಸಾವಿರದ ಬಿಲ್ ಕಳಿಸಿದ. ಜಾಹೀರಾತು ನಿಲ್ಲಿಸಿ, ಕ್ಷಮೆ ಕೇಳಿ ಅದನ್ನು ಬಗೆಹರಿಸಿದರು. ಅವನು ಕೇಳಿದ್ದೂ ತಪ್ಪಲ್ಲ. ಅವರ ಮುಖ, ಅವರ ವಿಡಿಯೋ. ಪೇಜಿನಲ್ಲಿ ಹಾಕುವುದಕ್ಕೆ ಒಂದು ದರ, ಅದನ್ನೇ ನಾವು ಜಾಹೀರಾತಾಗಿ ಓಡಿಸುವುದಕ್ಕೆ ಇನ್ನೊಂದು ದರ. ಈ ಧಂದೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು, ಹೊಸಬರನ್ನು ಬಿಟ್ಟು.

ಕೂಪನ್ ಇಲ್ಲದೆ ವಾಟ್ಸಾಪಿನಲ್ಲಿ ಬಂದವರೂ ಇರಬಹುದಲ್ಲ ಅಂತ ನೀವು ಕೇಳಬಹುದು. ನಾವೂ ಕೇಳಿಕೊಂಡೆವು. ಆ ತಿಂಗಳ ಚಾಟ್‌ಗಳಲ್ಲಿ ಅವರ ಹೆಸರು, "ರೀಲ್", "ವಿಡಿಯೋ" ಅಂತೆಲ್ಲ ಹುಡುಕಿದಾಗ 17 ಸಿಕ್ಕವು. 17ಕ್ಕೆ 3,900 ರೂಪಾಯಿ ಸೇರಿಸಿದರೂ ಗುಂಡಿ ಮುಚ್ಚಲಿಲ್ಲ.

ಗದಗದ ಹುಡುಗಿಯ ಜೊತೆ ಮಾತುಕತೆ

ಇಲ್ಲಿಗೆ ಸುಮಾ ಇನ್‌ಫ್ಲುಯೆನ್ಸರ್ ಸಹವಾಸವೇ ಬೇಡ ಅಂತಿದ್ದರು. ನಾನು ಬೇರೆ ಕಾರಣಕ್ಕೆ ಇನ್ನೊಂದು ಸಲ ಮಾಡಿ ಅಂದೆ. ಅಳೆಯುವುದು ಹೇಗೆ ಅಂತ ಈಗ ಗೊತ್ತಿತ್ತು, ಸಣ್ಣ ಹಣದಲ್ಲಿ ಒಂದು ಸಲ ಸರಿಯಾಗಿ ಅಳೆದು ನೋಡೋಣ ಅಂತ.

ಗದಗದ ಒಬ್ಬ ಹುಡುಗಿ, 19 ಸಾವಿರ ಫಾಲೋವರ್ಸ್. ಅಡುಗೆಮನೆಯ ಕಿಟಕಿ ಬೆಳಕಲ್ಲಿ ನಿಂತು ನಮ್ಮ ಕಡೆಯ ಮಾತಿನಲ್ಲೇ ಮಾತಾಡುತ್ತಾಳೆ. ಬಿಸಿಲಿಗೆ ಮುಖ ಸೀಳುವುದು, ಹಾಲಿನ ಕೆನೆ ಹಚ್ಚುವುದು, ಅಂಥವು. ಈ ಸಲ ಫಾಲೋವರ್ಸ್ ನೋಡಲಿಲ್ಲ. ಕಳೆದ ಹತ್ತು ರೀಲಿನ ವ್ಯೂಸ್ ಕೇಳಿದೆವು, ಸರಾಸರಿ ಹಾಕಲಿಲ್ಲ. ಒಂದು ರೀಲ್ 3 ಲಕ್ಷ ಓಡಿತ್ತು, ಅದು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಹತ್ತನ್ನೂ ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಹಿಡಿದೆವು: 22 ಸಾವಿರ. ನೋಡುವವರು ಯಾವ ಊರಿನವರು ಅನ್ನುವ ಪುಟವನ್ನು ಸ್ಕ್ರೀನ್‌ಶಾಟ್ ಅಲ್ಲ, ಆ್ಯಪ್ ತೆಗೆದು ಒಳಗೆ ಹೋಗುವಲ್ಲಿಂದಲೇ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ಕಳಿಸಲು ಕೇಳಿದೆವು. ಸ್ಕ್ರೀನ್‌ಶಾಟ್ ತಿದ್ದುವುದು ಎರಡು ನಿಮಿಷದ ಕೆಲಸ. ಹುಬ್ಬಳ್ಳಿ, ಗದಗ, ಬೆಂಗಳೂರು, ಬೆಳಗಾವಿ, ಈ ಕ್ರಮದಲ್ಲಿತ್ತು.

ಎಷ್ಟು ಕೊಡಬಹುದು? ಮೊದಲ ರೀಲಿನಲ್ಲಿ ಎರಡೂ ಸಲ ಸೇರಿ 1.59 ಲಕ್ಷ ವ್ಯೂಸಿಗೆ ತಲುಪಿದ ಹೊಸ ಗಿರಾಕಿಗಳು 114. ಅಂದರೆ ಸಾವಿರಕ್ಕೆ ಒಂದೂ ಇಲ್ಲ, 0.72. ಅದೇ ದರದಲ್ಲಿ 22 ಸಾವಿರ ವ್ಯೂಸಿಗೆ 16 ಡಬ್ಬಿ, ಉಳಿಯುವುದು 2,800 ರೂಪಾಯಿ. ನಾನು 3 ಸಾವಿರದ ಮೇಲೆ ಹೋಗಬೇಡಿ ಅಂದೆ. ಅವಳು ಕೇಳಿದ್ದು 12 ಸಾವಿರ.

ಸುಮಾ ನೇರವಾಗಿ, "ಪೂರ್ತಿ ಕಮಿಷನ್ ಮ್ಯಾಲೆ ಮಾಡ್ತೀಯೇನವಾ? ಡಬ್ಬಿಗೆ ನೂರು ಕೊಡ್ತೀನಿ" ಅಂದರು.

ಅವಳ ಉತ್ತರ ನನಗೆ ಇನ್ನೂ ನೆನಪಿದೆ. "ಒಲ್ಲೆರಿ ಅಕ್ಕಾರ. ಹಿಂದ ಒಂದು ಸೀರಿ ಅಂಗಡಿಯವರು ಹಿಂಗ ಅಂದು ಮೂರು ತಿಂಗಳ ತಿರುಗಿಸಿದ್ರು. ಎಷ್ಟು ಹೋಗ್ಯಾವ ಅಂತ ಕೇಳಿದ್ರ, ನಾಕೈದು ಹೋಗಿರಬೇಕು ಅಂತಾರ. ಪುಸ್ತಕ ನಿಮ್ಮ ಕಡೆ ಇರ್ತದ, ನನಗ ಹೆಂಗ ಗೊತ್ತಾಗಬೇಕು?"

ಮಾತು ತಿರುಗಿದ್ದು ಅಲ್ಲೇ. ಅಲ್ಲಿಯವರೆಗೆ ಸುಮಾ ತಮ್ಮನ್ನು ಮೋಸ ಹೋದವರ ಸಾಲಿನಲ್ಲಿ ಇಟ್ಟುಕೊಂಡಿದ್ದರು. ಎದುರಿಗೆ ಕೂತವಳೂ ಅದೇ ಸಾಲಿನವಳು ಅಂತ ಗೊತ್ತಾಯಿತು. ಮಾರಾಟದ ಅಂಕಿ ಇಬ್ಬರಿಗೂ ಕಾಣುವ ಹಾಗೆ ಇದ್ದರೆ ಕಮಿಷನ್ ಮಾತು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಂದು ಗೂಗಲ್ ಶೀಟ್ ಮಾಡಿದೆವು. ಆರ್ಡರ್ ನಂಬರ್, ದಿನ, ಪಿನ್ ಕೋಡ್, ತಲುಪಿತೋ ವಾಪಸ್ಸೋ, ಹೊಸಬರೋ ಹಳಬರೋ, ಇಷ್ಟೇ. ಗಿರಾಕಿಯ ಹೆಸರು, ಫೋನ್ ಅದರಲ್ಲಿ ಇಲ್ಲ. ಅವಳಿಗೆ ನೋಡಲು ಅವಕಾಶ, ತಿದ್ದಲು ಇಲ್ಲ.

ಕೊನೆಗೆ ನಿಂತದ್ದು: ಖಚಿತ ಹಣ 5 ಸಾವಿರ, ಕೂಪನ್ ಮೇಲೆ ಆರ್ಡರ್ ತಲುಪಿದ ಪ್ರತಿ ಹೊಸ ಗಿರಾಕಿಗೆ 60 ರೂಪಾಯಿ, ಆ ವಿಡಿಯೋವನ್ನು 60 ದಿನ ನಮ್ಮ ಜಾಹೀರಾತಿಗೆ ಬಳಸಲು ಬೇರೆ 2 ಸಾವಿರ. ನನ್ನ 3 ಸಾವಿರ ದಾಟಿತು, ಒಪ್ಪುತ್ತೇನೆ. ಆದರೆ ನನ್ನ ಅಂದಾಜು ಬೇರೆಯವರ ವೀಕ್ಷಕರ ಮೇಲೆ ನಿಂತದ್ದು, ಅದು ತಪ್ಪಿರಬಹುದು ಅನ್ನುವುದೂ ಗೊತ್ತಿತ್ತು. ಖಚಿತ ಹಣ ಅವಳ ಕೂಲಿಗೆ, ಕಮಿಷನ್ ನಮ್ಮ ಅಜ್ಞಾನಕ್ಕೆ, ಹಾಗಂತ ತಿಳಿಯಿರಿ.

ಒಪ್ಪಂದ ಎರಡು ಪುಟ, ಕನ್ನಡದಲ್ಲೇ. ಚಿತ್ರೀಕರಣಕ್ಕೆ ಮೊದಲು ಮಾತಿನ ಸಾಲುಗಳನ್ನು ಕಳಿಸಬೇಕು, ನಾವು 48 ಗಂಟೆಯಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಒಪ್ಪಿದಂತೆ. ಈ ಕೊನೆಯ ಮಾತು ಅವಳೇ ಸೇರಿಸಿದ್ದು, ನ್ಯಾಯವೇ. ಕಲೆ, ಬೆಳ್ಳಗಾಗುವುದು, ಇಷ್ಟು ದಿನದಲ್ಲಿ ಇಷ್ಟು ಫಲ, ಈ ಮೂರು ಮಾತು ಆಡಬಾರದು. ಪಾವತಿ ಪ್ರಚಾರದ ಗುರುತು ಹಚ್ಚಬೇಕು, ಬಾಯಲ್ಲೂ ಒಮ್ಮೆ ಹೇಳಬೇಕು. ರೀಲ್ 90 ದಿನ ಪೇಜಿನಲ್ಲಿ ಇರಬೇಕು. ಹಿಂದೆ ಮುಂದೆ ಹತ್ತು ಹತ್ತು ದಿನ ಬೇರೆ ಮುಖದ ಕ್ರೀಮ್ ಬೇಡ. ಸುಮಾ ಒಂದು ತಿಂಗಳು ಕೇಳಿದ್ದರು, ಅಷ್ಟು ದಿನ ಕೈಕಟ್ಟಿ ಕೂರಲು 5 ಸಾವಿರ ಸಾಲದು ಅಂತ ಅವಳು ಇಳಿಸಿದಳು. ಹಣ ಅರ್ಧ ಮಾತಿನ ಸಾಲುಗಳಿಗೆ ಒಪ್ಪಿಗೆಯಾದಾಗ, ಅರ್ಧ ರೀಲ್ ಹಾಕಿ ಏಳು ದಿನದ ಅಂಕಿ ಕಳಿಸಿದಾಗ.

ಕೂಪನ್ ಪದದ ಮೇಲೂ ಒಂದು ಗಂಟೆ ಹೋಯಿತು. ಸುಮಾಗೆ `HOLAPU` ಇಡುವ ಆಸೆ. ನಾಲ್ಕು ಜನ ಅಕ್ಕಪಕ್ಕದವರಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿ ನೋಡಿದರೆ ಒಬ್ಬರು `HOLAPPU`, ಇನ್ನೊಬ್ಬರು `HOLUPU`. ಕಿವಿಯಲ್ಲಿ ಕೇಳಿದ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಎಲ್ಲರೂ ಒಂದೇ ಥರ ಬರೆಯುವುದಿಲ್ಲ, ಅಲ್ವಾ? ಬಸ್ ಬೋರ್ಡಿನ ಮೇಲೆ ದಿನಾ ನೋಡುವ ಹೆಸರೇ ಇರಲಿ ಅಂತ `GADAG50` ಆಯಿತು.

ಈ ಸಲ ಕೂಪನ್ ಇನ್ನೊಂದು ದಿಕ್ಕಿಗೆ ಸುಳ್ಳು ಹೇಳಿತು

ರೀಲ್ ಗುರುವಾರ ಸಂಜೆ ಬಂತು. ಮೂವತ್ತು ದಿನಕ್ಕೆ ಕೂಪನ್ ಮೇಲೆ 29 ಆರ್ಡರ್. ಇಷ್ಟೇನಾ ಅಂತ ಸುಮಾ ಮುಖ ಸಣ್ಣ ಮಾಡಿಕೊಂಡರು.

ಗುಟ್ಟು ಬಿಟ್ಟುಕೊಟ್ಟದ್ದು ಪ್ಯಾಕಿಂಗ್ ಮೇಜು. ನಾದಿನಿ ಪೆಟ್ಟಿಗೆ ಮೇಲೆ ವಿಳಾಸದ ಚೀಟಿ ಅಂಟಿಸುತ್ತ, "ವೈನಿ, ಈ ವಾರ ಬರೇ 582101 ಬರಾಕತ್ತಾವಲ್ಲ" ಅಂದರಂತೆ. 582101 ಗದಗ. ಜೊತೆಗೆ 581110 ಹಾವೇರಿ, 581115 ರಾಣೆಬೆನ್ನೂರು, 580001 ಧಾರವಾಡ. ಬಹುಪಾಲು ವಾಟ್ಸಾಪ್ ಆರ್ಡರ್. ನಮ್ಮ ಕಡೆಯ ಹೆಣ್ಣುಮಕ್ಕಳು ವೆಬ್‌ಸೈಟಿಗೆ ಹೋಗಿ ಕೂಪನ್ ಹೊಡೆಯುವ ಗೋಜಿಗೆ ಹೋಗಿರಲಿಲ್ಲ. ನಂಬರ್ ಹುಡುಕಿ, "ಅಕ್ಕಾ ಆ ಗದಗದ ಹುಡುಗಿ ತೋರಿಸಿದ ಕ್ರೀಮ್ ಎಷ್ಟ್ರಿ?" ಅಂತ ಒಂದು ವಾಯ್ಸ್ ಮೆಸೇಜು, ಐವತ್ತು ರೂಪಾಯಿ ಜಾಸ್ತಿ ಹೋದರೂ ಹೋಗಲಿ ಅಂತ ಯುಪಿಐ.

ಪುಣ್ಯಕ್ಕೆ ರೀಲ್ ಹಾಕುವ ಮೊದಲೇ ಒಂದು ಅಭ್ಯಾಸ ಶುರು ಮಾಡಿದ್ದೆವು. ವಾಟ್ಸಾಪಿನಲ್ಲಿ ಆರ್ಡರ್ ಕೊಟ್ಟ ಎಲ್ಲರಿಗೂ, ಹಣ ಬಂದ ಮೇಲೆ, ಒಂದೇ ಪ್ರಶ್ನೆ: "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಆಯ್ಕೆ ಕೊಡುವುದಿಲ್ಲ, ಹೆಸರು ನಾವು ಎತ್ತುವುದಿಲ್ಲ. "ಗದಗದ ರೀಲ್ ನೋಡಿ ಬಂದ್ರಾ?" ಅಂತ ಕೇಳಿದರೆ ಅರ್ಧ ಜನ ಸುಮ್ನೆ ಹೂಂ ಅಂತಾರೆ. ಹೀಗೆ ಸ್ವಂತ ಬಾಯಿಂದ ಹೇಳಿದವರು 33. ಕೂಪನ್ನಿನ 29 ಸೇರಿ 62.

ಜನ ಹೇಳಿದ್ದನ್ನೂ ಪೂರ್ತಿ ನಂಬಬಾರದು. ಅದಕ್ಕೆ ಪಿನ್ ಕೋಡಿನಿಂದ ಇನ್ನೊಂದು ತಾಳೆ ಹಾಕಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಮೊದಲು ವಾರಕ್ಕೆ ಸುಮಾರು 14 ಆರ್ಡರ್ ಹೋಗುತ್ತಿತ್ತು. ರೀಲಿನ ನಂತರದ ನಾಲ್ಕು ವಾರ 41, 27, 19, 16. ಒಟ್ಟು 103. ಮಾಮೂಲಿ 56 ಕಳೆದರೆ 47 ಹೆಚ್ಚು. ಅದೇ ನಾಲ್ಕು ವಾರ 560ರಿಂದ ಶುರುವಾಗುವ ಬೆಂಗಳೂರು ಪಿನ್‌ಗಳಲ್ಲಿ 20, 23, 19, 22, ಮೊದಲಿನ ಹಾಗೇ. ಹಬ್ಬಕ್ಕೋ ಚಳಿಗೋ ಮಾರಾಟ ಏರಿದ್ದರೆ ಅಲ್ಲೂ ಏರಬೇಕಿತ್ತು. ಈ ಹೋಲಿಕೆ ನಿಲ್ಲಲಿ ಅಂತಲೇ ಆ ತಿಂಗಳು ಬೇರೆ ಎಲ್ಲ ಜಾಹೀರಾತು ನಿಲ್ಲಿಸಿದ್ದೆವು. ಸುಮಾಗೆ ಅದು ಬಹಳ ಕಷ್ಟವಾಯಿತು.

62ರಲ್ಲಿ ಈ ಮೂರು ಜಿಲ್ಲೆಯವು 51. ಪಿನ್ ಕೋಡ್ ಹೇಳಿದ್ದು 47. ಎರಡು ಬೇರೆ ದಾರಿಯಲ್ಲಿ ಹೋಗಿ ಇಷ್ಟು ಹತ್ತಿರ ಬಂದರೆ ನನಗೆ ಸಾಕು. ಒಂದು ಎಚ್ಚರಿಕೆ: ಮೊದಲ ಮೂರು ಅಂಕಿ ನೋಡಿ ಜಿಲ್ಲೆ ಅಂದುಕೊಳ್ಳಬೇಡಿ. 581ರಲ್ಲಿ ಹಾವೇರಿಯ ಜೊತೆ ಶಿರಸಿ, ಕಾರವಾರವೂ ಬರುತ್ತವೆ. ನಾನು ಮೊದಲ ಸಲ ಹಾಗೇ ಕೂಡಿಸಿ ಎಡವಟ್ಟು ಮಾಡಿಕೊಂಡಿದ್ದೆ.

ಈಗ ಇನ್ನೊಂದು ತೀರ್ಮಾನ ಬಂತು. ಒಪ್ಪಂದದಲ್ಲಿ ಕಮಿಷನ್ ಕೂಪನ್ ಆರ್ಡರ್‌ಗೆ ಮಾತ್ರ ಅಂತ ಇತ್ತು. ವಾಟ್ಸಾಪಿನವು ಅವಳ ಶೀಟಿಗೆ ಬರುವುದೇ ಇಲ್ಲ, ಅವಳಿಗೆ ಗೊತ್ತಾಗುವುದೂ ಇಲ್ಲ. ಸುಮಾ ಒಂದು ರಾತ್ರಿ ಯೋಚಿಸಿ ಅವನ್ನೂ ಶೀಟಿಗೆ ಹಾಕಿಸಿದರು. "ನಾಕೈದು ಹೋಗಿರಬೇಕು ಅಂದವರ ಸಾಲಿಗೆ ನಾ ಸೇರೂದಿಲ್ಲ" ಅಂದರು. ನಾನು ಲೆಕ್ಕದವನು, ಕಾಗದದಲ್ಲಿ ಇಲ್ಲದ್ದನ್ನು ಕೊಡಬೇಡಿ ಅಂದಿದ್ದೆ. ನನ್ನ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು.

ತಲುಪಿದ್ದು 57: ಕೂಪನ್ನಿನವು 26, ವಾಟ್ಸಾಪಿನವು 31. ನಾಲ್ಕು ವಾಪಸ್, ಒಂದು ರದ್ದು. ಉಳಿದ ಹಣ, ವಾಪಸ್ ಖರ್ಚು ಕಳೆದು, 11,176. ಹಳೇ ಗಿರಾಕಿಗಳು 6, ಆರೂ ಕೂಪನ್ ಬಳಸಿದವರು, ಅವರನ್ನು ತೆಗೆದರೆ 10,108. ಅವಳಿಗೆ ಕೊಟ್ಟದ್ದು 5 ಸಾವಿರ, 2 ಸಾವಿರ, 51 ಹೊಸಬರಿಗೆ 3,060, ಒಟ್ಟು 10,060. ಲಾಭ 48 ರೂಪಾಯಿ. ಒಂದು ಪ್ಲೇಟ್ ಗಿರ್ಮಿಟ್, ಒಂದು ಚಹಾ. ಪುಕ್ಕಟೆ ಕೊಟ್ಟ ಎರಡು ಡಬ್ಬಿ ಹಿಡಿದರೆ ಅದೂ ಇಲ್ಲ.

ಹಾಗಾದರೆ ಇದನ್ನು ಗೆದ್ದದ್ದು ಅನ್ನಬೇಕಾ? 30 ದಿನಕ್ಕೆ ನಿಲ್ಲಿಸಿದರೆ ಇಲ್ಲ. ಆದರೆ 50 ಗ್ರಾಂ ಡಬ್ಬಿ ದಿನಕ್ಕೆ ಎರಡು ಹೊತ್ತು ಹಚ್ಚಿದರೆ ಐದಾರು ವಾರ ಬರುತ್ತದೆ. ಎರಡನೇ ಡಬ್ಬಿ ಕೊಳ್ಳುತ್ತಾರಾ ಅನ್ನುವುದು ಮೊದಲನೆಯದು ಖಾಲಿಯಾಗದೆ ಗೊತ್ತಾಗುವುದಿಲ್ಲ. ಹೀಗಾಗಿ 75ನೇ ದಿನ ಮತ್ತೆ ನೋಡಿದೆವು. ಗದಗದವಳ ಮೂಲಕ ಬಂದ 51 ಹೊಸಬರಲ್ಲಿ 14 ಜನ ಮತ್ತೆ ಕೊಂಡಿದ್ದರು, ಬಹುತೇಕ ವಾಟ್ಸಾಪಿನಲ್ಲಿ, ಪೂರ್ತಿ ಬೆಲೆಗೆ. ಸುಮಾರು 3,200 ರೂಪಾಯಿ, ಇದರಲ್ಲಿ ಯಾರಿಗೂ ಪಾಲಿಲ್ಲ. ಬೆಂಗಳೂರಿನವರ 114 ಹೊಸಬರಲ್ಲಿ ಅಷ್ಟೇ ದಿನಕ್ಕೆ ಮರಳಿದವರು 9. ಕಲೆ ಹೋಗುತ್ತದೆ ಅಂತ ನಂಬಿ ಕೊಂಡವರು ಯಾಕೆ ಮರಳುತ್ತಾರೆ? ಗದಗದವಳು ಹೇಳಿದ್ದು "ಸ್ನಾನ ಆದ ಮ್ಯಾಲೆ ಮುಖ ಬಿಗಿ ಹಿಡಿಯೂದಿಲ್ಲ" ಅಂತ ಅಷ್ಟೇ, ಮತ್ತು ಡಬ್ಬಿ ಅದನ್ನು ನಿಜಕ್ಕೂ ಮಾಡುತ್ತಿತ್ತು.

ಜಾಹೀರಾತಿಗೆ ಬಳಸಲು ಕೊಟ್ಟ 2 ಸಾವಿರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ತಿಂಗಳು ಮುಗಿದ ಮೇಲೆ ಅದೇ ರೀಲನ್ನು ದಿನಕ್ಕೆ 300 ರೂಪಾಯಿಯಂತೆ 20 ದಿನ ಓಡಿಸಿದರು. ಮೆಟಾ ಡ್ಯಾಶ್‌ಬೋರ್ಡ್ 40 ಮಾರಾಟ ತನ್ನದು ಅಂತು. ನಮ್ಮ "ಎಲ್ಲಿ ನೋಡಿದ್ರಿ" ಲೆಕ್ಕದಲ್ಲಿ 22. ಮೆಟಾ, ಜಾಹೀರಾತು ಕ್ಲಿಕ್ ಮಾಡಿ ಏಳು ದಿನದೊಳಗೆ ಕೊಂಡವರನ್ನೂ, ಕ್ಲಿಕ್ಕೇ ಮಾಡದೆ ಕಣ್ಣು ಹಾಯಿಸಿ ಒಂದು ದಿನದೊಳಗೆ ಕೊಂಡವರನ್ನೂ ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಹೇಗೂ ಕೊಳ್ಳುತ್ತಿದ್ದವರು ಅದರಲ್ಲಿ ಸೇರುತ್ತಾರೆ. 22ರ ಲೆಕ್ಕದಲ್ಲಿ ಹಾಕಿದ 6 ಸಾವಿರ ಪೂರ್ತಿ ವಾಪಸ್ ಬರಲಿಲ್ಲ, ನಿಲ್ಲಿಸಿದರು.

ಈ ವಿಧಾನಕ್ಕೂ ಮಿತಿ ಇದೆ. ಪಿನ್ ಕೋಡ್ ತಾಳೆ ನಡೆಯುವುದು ಇನ್‌ಫ್ಲುಯೆನ್ಸರ್‌ನ ಜನ ಒಂದು ಸೀಮೆಯಲ್ಲಿ ಒತ್ತಾಗಿ ಇದ್ದಾಗ ಮಾತ್ರ. ಬೆಂಗಳೂರಿನವರ ನೋಡುಗರು ಹಲವು ರಾಜ್ಯಗಳಲ್ಲಿ ಚದುರಿದ್ದರು, ಅಲ್ಲಿ ಇದು ಏನನ್ನೂ ಹೇಳುತ್ತಿರಲಿಲ್ಲ. ವಾರಕ್ಕೆ 14 ಇದ್ದದ್ದು 41 ಆದರೆ ಕಾಣುತ್ತದೆ, 17 ಆದರೆ ಅದು ಮಾಮೂಲಿ ಏರಿಳಿತ.

ಈಗ ಗದಗದವಳ ಜೊತೆ ಎರಡನೇ ಒಪ್ಪಂದದ ಮಾತು ನಡೆದಿದೆ. ಶೀಟನ್ನು ತಿಂಗಳುಗಟ್ಟಲೆ ನೋಡಿ ಅವಳೂ ಲೆಕ್ಕ ಕಲಿತಿದ್ದಾಳೆ. ಮೊನ್ನೆ ಸುಮಾಗೆ ಫೋನ್ ಮಾಡಿ, "ಅಕ್ಕಾರ, ಮತ್ತ ಕೊಂಡವರು ಅಂತ ಒಂದು ಕಾಲಮ್ ಹಾಕ್ರಿ. ಅವರನ್ನ ಕರಕೊಂಡು ಬಂದಾಕಿ ನಾನ ಅಲ್ಲೇನು?" ಅಂದಳಂತೆ. ಖಚಿತ ಹಣ 5 ಸಾವಿರದಲ್ಲೇ ಇರಲಿ, ಎರಡನೇ ಡಬ್ಬಿಯ ಮೇಲೆ 40 ಬೇಕು ಅನ್ನುತ್ತಾಳೆ. ಎರಡನೇ ಡಬ್ಬಿಯಲ್ಲಿ ಉಳಿಯುವುದು 228, ನಾನು 25ರವರೆಗೆ ಹೋಗಿ ಅಂದಿದ್ದೇನೆ. ಸುಮಾ ಕಾಲಮ್ ಹಾಕಿದ್ದಾರೆ, ದರ ಇನ್ನೂ ಹೇಳಿಲ್ಲ.